ಒಂದೇ ಬಿಳಿ, ದಿನಕ್ಕೆ ನಾಲ್ಕು ಬಣ್ಣ: ಗೋಡೆಗೂ ಚೌಕಟ್ಟಿಗೂ ಆಫ್‌ವೈಟ್ ಆರಿಸುವ ಬಗೆ

ಮೊದಲ ಸಲ ನನ್ನ ಕೋಣೆಗೆ ಆಫ್‌ವೈಟ್ ಆರಿಸಿದ್ದು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ. ಶೇಡ್ ಕಾರ್ಡ್‌ನಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಚೌಕ ನೋಡಿ, ಇದು ಚೆನ್ನಾಗಿದೆ ಅಂತ ಹೇಳಿ ಡಬ್ಬ ಹೊತ್ತು ತಂದೆ. ಎರಡು ಕೋಟ್ ಮುಗಿಯುವವರೆಗೂ ಎಲ್ಲ ಸರಿಯಾಗಿಯೇ ಇತ್ತು. ಆ ಸಂಜೆ ದೀಪ ಹಾಕಿದಾಗ ನಾಲ್ಕೂ ಗೋಡೆ ತಿಳಿ ಗುಲಾಬಿಗೆ ತಿರುಗಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಗುಲಾಬಿ ಇಲ್ಲ, ಮತ್ತೆ ಬಿಳಿ. ಬಣ್ಣ ಬದಲಾಗಿರಲಿಲ್ಲ, ಬೆಳಕು ಬದಲಾಗಿತ್ತು. ಆ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಣ್ಣ ಆರಿಸಿದ್ದು ನನ್ನ ತಪ್ಪು.

ಅದಾದ ಮೇಲೆ ಹಲವು ಕೋಣೆಗಳಿಗೆ ಬಣ್ಣ ಆರಿಸಿದ್ದೇನೆ. ಈಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಒಂದು ಕೋಣೆ, ಅದರ ಗೋಡೆಗೆ ಒಂದು ಬಿಳಿ, ಬಾಗಿಲು–ಕಿಟಕಿ ಚೌಕಟ್ಟು ಮತ್ತು ಗೋಡೆಯ ಬುಡದ ಪಟ್ಟಿಗೆ, ಅಂದರೆ ಸ್ಕರ್ಟಿಂಗ್‌ಗೆ, ಇನ್ನೊಂದು ಬಿಳಿ. ಅಷ್ಟು ಸರಿಹೋದರೆ ಉಳಿದ ಕೋಣೆಗಳಿಗೂ ದಾರಿ ಗೊತ್ತಾಗುತ್ತದೆ.

ಮೊದಲು ಒಳಬಣ್ಣ ಗುರುತಿಸಿ

ಆಫ್‌ವೈಟ್ ಅಂದರೆ ಬಿಳಿ ಬೇಸ್‌ಗೆ ಚೂರೇ ಚೂರು ಬಣ್ಣ ಸೇರಿಸಿದ್ದು. ಆ ಚೂರು ಯಾವುದು ಅನ್ನುವುದೇ ಮುಖ್ಯ. ಪೇಂಟ್ ಕೆಲಸದವರು ಅದನ್ನು ಅಂಡರ್‌ಟೋನ್ ಅನ್ನುತ್ತಾರೆ, ನಾನು ಒಳಬಣ್ಣ ಅನ್ನುತ್ತೇನೆ. ಹಳದಿ, ಕೆಂಪು, ಹಸಿರು, ಬೂದು, ನೀಲಿ, ಇವುಗಳಲ್ಲಿ ಒಂದೋ ಎರಡೋ ಪ್ರತಿ ಆಫ್‌ವೈಟ್‌ನಲ್ಲೂ ಇರುತ್ತವೆ. ಶೇಡ್‌ನ ಹೆಸರು ನಂಬಬೇಡಿ. ಹೆಸರಿನಲ್ಲಿ ದಂತ, ಮುತ್ತು, ಹತ್ತಿ ಅಂತ ಏನೇ ಇರಲಿ, ಒಳಗೆ ಏನಿದೆ ಅಂತ ಹೆಸರು ಹೇಳುವುದಿಲ್ಲ.

ಹೇಳುವುದು ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಮಷಿನ್‌ನ ಫಾರ್ಮುಲಾ. ಬಣ್ಣ ಬೆರೆಸಿದ ಮೇಲೆ ಡಬ್ಬಕ್ಕೆ ಒಂದು ಸ್ಟಿಕ್ಕರ್ ಅಂಟಿಸುತ್ತಾರಲ್ವಾ, ಸಾಮಾನ್ಯವಾಗಿ ಅದರಲ್ಲೇ ಯಾವ ಕಲರೆಂಟ್ ಎಷ್ಟು ಅಂತ ಇರುತ್ತದೆ. ಅಂಗಡಿಯವರನ್ನು ಕೇಳಿದರೆ ಬೆರೆಸುವ ಮೊದಲೇ ತೆರೆಯ ಮೇಲೆ ತೋರಿಸಬಹುದು. ಹಳದಿ ಆಕ್ಸೈಡ್ ಮಾತ್ರ ಇದ್ದರೆ ಅದು ಹಳದಿಗೆ ವಾಲುವ ಬಿಳಿ. ಕೆಂಪು ಆಕ್ಸೈಡ್ ಜಾಸ್ತಿ ಇದ್ದರೆ ಗುಲಾಬಿಗೆ ವಾಲುತ್ತದೆ. ಹಳದಿಯ ಜೊತೆ ಕಪ್ಪು ಇದ್ದರೆ ಎಚ್ಚರ. ಕಪ್ಪು ಮತ್ತು ಹಳದಿ ಬೆರೆತರೆ ಹಸಿರು ಹುಟ್ಟುತ್ತದೆ, ಮಕ್ಕಳು ಬಣ್ಣ ಕಲೆಸುವಾಗ ನೋಡಿರುತ್ತೀರಿ. ಕಾರ್ಡ್‌ನಲ್ಲಿ ಅದು ತಣ್ಣನೆಯ ಬೂದಿಯ ಹಾಗೆ ಕಾಣುತ್ತದೆ, ಗೋಡೆಗೆ ಹೋದ ಮೇಲೆ ಹಸಿರು ಹೊರಗೆ ಬರುತ್ತದೆ. ಹಳದಿ, ಸ್ವಲ್ಪ ಕೆಂಪು, ಸ್ವಲ್ಪ ಕಪ್ಪು ಮೂರೂ ಇದ್ದರೆ ಒಂದನ್ನೊಂದು ಹಿಡಿದಿಡುತ್ತವೆ. ಅಂಥ ಬಿಳಿಯೂ ದಿನವಿಡೀ ಬದಲಾಗುತ್ತದೆ, ಆದರೆ ಜಾಸ್ತಿ ದೂರ ಹೋಗುವುದಿಲ್ಲ.

ಫಾರ್ಮುಲಾ ಸಿಗದಿದ್ದರೆ ಕಣ್ಣಿನಿಂದಲೂ ಕಂಡುಹಿಡಿಯಬಹುದು. ಒಂದೇ ಆಫ್‌ವೈಟ್ ಮುಂದೆ ಇಟ್ಟುಕೊಂಡು ನೋಡಿದರೆ ಬರೀ ಬಿಳಿ ಅನಿಸುತ್ತದೆ. ಐದಾರನ್ನು ಪಕ್ಕಪಕ್ಕ ಇಟ್ಟರೆ ಒಂದು ಗುಲಾಬಿ, ಒಂದು ಹಸಿರು ಅಂತ ತಾವೇ ಬೇರೆಯಾಗುತ್ತವೆ. ಪಕ್ಕದಲ್ಲಿ ಒಂದು ಅಪ್ಪಟ ಬಿಳಿಯೂ ಇರಲಿ. ಇದಕ್ಕೆ ಪ್ರಿಂಟರ್ ಕಾಗದ ಬೇಡ. ಹೆಚ್ಚಿನ ಕಾಗದಗಳಿಗೆ ಬೆಳ್ಳಗೆ ಕಾಣಲೆಂದು ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ, ಹಗಲಿನಲ್ಲಿ ಅದು ನಸುನೀಲಿ ಹೊಮ್ಮಿಸುತ್ತದೆ. ಅದರ ಪಕ್ಕ ಯಾವ ಆಫ್‌ವೈಟ್ ಇಟ್ಟರೂ ಹಳದಿಯಾಗಿಯೇ ಕಾಣುತ್ತದೆ. ನೀವು ಕೊಳ್ಳಲಿರುವ ಪೇಂಟ್‌ನ ಬಿಳಿ ಬೇಸನ್ನೇ, ಏನೂ ಬೆರೆಸದೆ, ಒಂದು ರಟ್ಟಿಗೆ ಬಳಿದು ಇಟ್ಟುಕೊಳ್ಳಿ. ಮುಂದೆ ಎಲ್ಲ ಹೋಲಿಕೆಗೂ ಅದೇ ಅಳತೆಗೋಲು.

ಎಲ್‌ಆರ್‌ವಿ ನೋಡಿ, ಅದೊಂದನ್ನೇ ನಂಬಬೇಡಿ

ಅನೇಕ ಶೇಡ್‌ಗಳ ಜೊತೆ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕ ಅದು. ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. ಗೋಡೆಗೆ ಬಳಸುವ ಆಫ್‌ವೈಟ್‌ಗಳು ಸುಮಾರಾಗಿ 70ರಿಂದ 85ರ ನಡುವೆ ಬರುತ್ತವೆ. ಬೆಳಕು ಕಡಿಮೆ ಇರುವ ಕೋಣೆಗೆ 80ರ ಮೇಲಿನದು, ಬಿಸಿಲು ನೇರವಾಗಿ ಹೊಡೆಯುವ ಕೋಣೆಗೆ 75ರ ಸುತ್ತಿನದು ಅಂತ ನಾನು ಶುರು ಮಾಡುತ್ತೇನೆ. ಈ ಸಂಖ್ಯೆ ಶೇಡ್ ಎಷ್ಟು ತಿಳಿ, ಎಷ್ಟು ಗಾಢ ಅಂತ ಹೇಳುತ್ತದೆ ಅಷ್ಟೇ. ಒಂದೇ ಎಲ್‌ಆರ್‌ವಿ ಇರುವ ಎರಡು ಶೇಡ್‌ಗಳಲ್ಲಿ ಒಂದು ಗುಲಾಬಿ, ಇನ್ನೊಂದು ಹಸಿರು ಇರಬಹುದು.

ಕಾರ್ಡ್‌ನ ಚೌಕ ಗೋಡೆಯ ಮೇಲೆ ಯಾಕೆ ಗಾಢವಾಗುತ್ತದೆ

ಕಾರ್ಡ್‌ನಲ್ಲಿ ತೆಳುವಾಗಿದ್ದದ್ದು ಕೋಣೆಯಲ್ಲಿ ಇಷ್ಟು ಹಳದಿ ಆಯ್ತಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಅವರ ಕಣ್ಣು ಸರಿಯಾಗಿಯೇ ನೋಡಿದೆ. ಕೋಣೆಯೊಳಗೆ ಬಂದ ಬೆಳಕು ಒಂದು ಗೋಡೆಗೆ ಬಡಿದು ಎದುರಿನ ಗೋಡೆಗೆ, ಅಲ್ಲಿಂದ ಇನ್ನೊಂದಕ್ಕೆ ಹೀಗೆ ಪುಟಿಯುತ್ತಾ ಹೋಗುತ್ತದೆ. ಪ್ರತಿ ಸಲ ಪುಟಿದಾಗಲೂ ಗೋಡೆ ತನ್ನ ಬಣ್ಣವನ್ನು ಸ್ವಲ್ಪ ಹಚ್ಚುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಹಳದಿ ಛಾಯೆಯ ಆಫ್‌ವೈಟ್ ಕೆಂಪು ಬೆಳಕಿನಲ್ಲಿ ನೂರಕ್ಕೆ 85, ನೀಲಿಯಲ್ಲಿ ನೂರಕ್ಕೆ 75 ವಾಪಸ್ ಕೊಡುತ್ತದೆ ಅಂದುಕೊಳ್ಳಿ. ಒಂದು ಸಲ ಪುಟಿದರೆ 85ಕ್ಕೆ 75, ವ್ಯತ್ಯಾಸ ಕಡಿಮೆ. ಎರಡನೇ ಸಲ 72ಕ್ಕೆ 56. ಮೂರನೇ ಸಲ 61ಕ್ಕೆ 42. ಮೂರೇ ಪುಟಿತಕ್ಕೆ ನೀಲಿ ಅಷ್ಟು ಹಿಂದೆ ಬಿತ್ತು. ಮೂಲೆಗಳಲ್ಲಿ ಎರಡು ಗೋಡೆ ಎದುರುಬದುರು ನಿಂತಿರುವುದರಿಂದ ಅಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ಕೋಣೆಯ ಮೂಲೆಯನ್ನು ಈಗಲೇ ಒಮ್ಮೆ ದಿಟ್ಟಿಸಿ ನೋಡಿ, ನಡು ಗೋಡೆಗಿಂತ ಅಲ್ಲಿ ಬಣ್ಣ ದಟ್ಟವಾಗಿರುತ್ತದೆ.

ಹಾಗಾಗಿ ಕಾರ್ಡ್‌ನಲ್ಲಿ ಇಷ್ಟವಾದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ. ಕೊನೆಗೆ ಗೆಲ್ಲುವುದು ಹಲವು ಸಲ ಅದೇ.

ಹಲಗೆ ಮಾಡಿ, ಗೋಡೆಗೆ ನೇರವಾಗಿ ಬಳಿಯಬೇಡಿ

ಡಜನ್‌ಗಟ್ಟಲೆ ಶೇಡ್‌ಗಳಿಂದ ಕಾರ್ಡ್ ನೋಡಿ ನಾಲ್ಕಕ್ಕೆ ಇಳಿಸಿ. ನಾಲ್ಕರಲ್ಲೂ ಒಳಬಣ್ಣ ಬೇರೆಬೇರೆ ಇರಲಿ. ನಾಲ್ಕೂ ಹಳದಿಯ ಬಿಳಿಯೇ ಆದರೆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಪ್ರತಿಯೊಂದರ ಸಣ್ಣ ಸ್ಯಾಂಪಲ್ ಡಬ್ಬ ತನ್ನಿ.

ಹಳೆಯ ಗೋಡೆಯ ಮೇಲೆ ಪಟ್ಟೆ ಎಳೆದು ನೋಡುವುದು ರೂಢಿ. ಆದರೆ ಸುತ್ತಲಿನ ಹಳೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಸಿರು ಗೋಡೆಯ ನಡುವೆ ಇಟ್ಟ ಯಾವ ಬಿಳಿಯೂ ಗುಲಾಬಿಯಾಗಿ ಕಾಣುತ್ತದೆ. ಅದಕ್ಕೆ ಎರಡು ಅಡಿ ಉದ್ದ, ಎರಡು ಅಡಿ ಅಗಲದ ದಪ್ಪ ರಟ್ಟು ಅಥವಾ ತೆಳು ಪ್ಲೈವುಡ್ ತೆಗೆದುಕೊಳ್ಳಿ. ಒಂದು ಕೋಟ್ ಬಿಳಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಪೇಂಟ್. ಬ್ರಶ್ ಬೇಡ, ಗೋಡೆಗೆ ಬಳಸುವ ರೋಲರ್‌ನಲ್ಲೇ ಹಚ್ಚಿ, ಮೇಲ್ಮೈಯ ನೇಯ್ಗೆಯೂ ಗೋಡೆಯ ಹಾಗೇ ಬರಲಿ. ಹಿಂಬದಿಗೆ ಶೇಡ್ ನಂಬರ್ ಬರೆಯಿರಿ. ಒಂದು ದಿನ ಪೂರ್ತಿ ಒಣಗಲಿ. ಎಮಲ್ಷನ್ ಹಸಿಯಾಗಿದ್ದಾಗ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಸಾಮಾನ್ಯವಾಗಿ ಕೊಂಚ ಗಾಢವಾಗುತ್ತದೆ. ಹಸಿ ಹಲಗೆ ನೋಡಿ ತೀರ್ಮಾನ ಮಾಡಿದರೆ ಆ ಕೊಂಚದಲ್ಲೇ ತಪ್ಪುತ್ತದೆ.

ಹಲಗೆಯ ಇನ್ನೊಂದು ಅನುಕೂಲ ಅಂದರೆ ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು. ಯಾವಾಗಲೂ ನೆಟ್ಟಗೆ, ಗೋಡೆಗೆ ಒರಗಿಸಿ ನಿಲ್ಲಿಸಿ. ನೆಲದ ಮೇಲೆ ಮಲಗಿಸಿದರೆ ಸೂರಿನ ಬೆಳಕು ಬೀಳುತ್ತದೆ, ಅದು ಗೋಡೆಯ ಬೆಳಕಲ್ಲ. ಮೂರು ಜಾಗದಲ್ಲಿ ನೋಡಿ: ಕಿಟಕಿಯ ಎದುರು ಗೋಡೆ, ಕಿಟಕಿ ಇರುವ ಗೋಡೆ, ಒಂದು ಮೂಲೆ. ಕಿಟಕಿ ಇರುವ ಗೋಡೆ ಯಾವತ್ತೂ ಕತ್ತಲಾಗಿ, ಬೂದಾಗಿ ಕಾಣುತ್ತದೆ. ಬೆಳಕು ಅದರ ಬೆನ್ನ ಹಿಂದಿನಿಂದ ಬರುತ್ತದೆ, ನಮ್ಮ ಕಣ್ಣು ಕಿಟಕಿಯ ಪ್ರಖರತೆಗೆ ಹೊಂದಿಕೊಂಡಿರುತ್ತದೆ. ಅಲ್ಲೂ ಕೊಳಕಾಗಿ ಕಾಣದ ಬಿಳಿ ನಂಬಿಕಸ್ಥ ಬಿಳಿ.

ಇದಕ್ಕೂ ಮೊದಲು ಒಂದು ಕೆಲಸ ಮುಗಿದಿರಬೇಕು. ನೆಲ, ಪರದೆ, ಬಲ್ಬ್ ಇವು ಮೊದಲೇ ನಿರ್ಧಾರವಾಗಿರಲಿ. ಬಿಸಿಲು ನೆಲಕ್ಕೆ ಬಿದ್ದು ಗೋಡೆಗೆ ಪುಟಿಯುವಾಗ ನೆಲದ ಬಣ್ಣವನ್ನೂ ಹೊತ್ತು ತರುತ್ತದೆ. ಗೋಡೆ ಮುಗಿದ ಮೇಲೆ ಬಲ್ಬ್ ಬದಲಿಸಿದರೆ ಪಟ್ಟ ಶ್ರಮ ವ್ಯರ್ಥ.

ಒಂದು ಕೋಣೆಯ ಕತೆ, ನಾಲ್ಕು ಹೊತ್ತು

ನಾನು ಆಮೇಲೆ ಮಾಡಿದ ಒಂದು ಕೋಣೆ ಹೀಗಿತ್ತು. ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಪಶ್ಚಿಮಕ್ಕೆ ಒಂದೇ ಒಂದು ದೊಡ್ಡ ಕಿಟಕಿ, ಹೊರಗೆ ದಟ್ಟ ಎಲೆಯ ಮರ. ನೆಲ ಕೆಂಪುಕಂದು ಮರದ್ದು. ದೀಪ 2700 ಕೆಲ್ವಿನ್‌ನ ಹಳದಿ ಬೆಳಕಿನ ಎಲ್‌ಇಡಿ. ಮನೆಯವರು ಆ ಕೋಣೆಯಲ್ಲಿ ಕೂರುವುದು ಹೆಚ್ಚಾಗಿ ಸಂಜೆ ಆರರ ನಂತರ. ಈ ಕೊನೆಯ ಮಾತು ಬರೆದಿಟ್ಟುಕೊಳ್ಳಿ, ಆಮೇಲೆ ಅದೇ ತೀರ್ಪು ಕೊಡುತ್ತದೆ.

ನಾಲ್ಕು ಹಲಗೆ ಮಾಡಿದೆವು. ಒಂದನೆಯದು ಬರೀ ಹಳದಿ ಆಕ್ಸೈಡ್‌ನದು. ಎರಡನೆಯದು ಕೆಂಪು ಜಾಸ್ತಿ ಇರುವುದು. ಮೂರನೆಯದು ಹಳದಿ ಮತ್ತು ಕಪ್ಪು. ನಾಲ್ಕನೆಯದು ಹಳದಿ, ಕಪ್ಪು, ಮತ್ತೆ ಒಂದಿಷ್ಟು ಕೆಂಪು. ನಾಲ್ಕೂ ಎಲ್‌ಆರ್‌ವಿ 78ರಿಂದ 82ರ ಒಳಗೆ.

ಬೆಳಿಗ್ಗೆ ಎಂಟಕ್ಕೆ ನೇರ ಬಿಸಿಲು ಇರಲಿಲ್ಲ. ಆಕಾಶದ ಬೆಳಕು ಮತ್ತು ಮರದ ಎಲೆಗಳಿಂದ ಪುಟಿದು ಬಂದ ಬೆಳಕು ಮಾತ್ರ. ಮೂರನೆಯ ಹಲಗೆ ಪಾಚಿ ಹಿಡಿದ ಹಾಗೆ ಕಂಡಿತು. ಒಳಗಿನ ಹಸಿರಿಗೆ ಹೊರಗಿನ ಹಸಿರು ಸೇರಿತ್ತು. ಆಶ್ಚರ್ಯ ಅಂದರೆ ಎರಡನೆಯದು, ಕೆಂಪು ಇರುವುದು, ಎಲ್ಲಕ್ಕಿಂತ ಶುದ್ಧ ಬಿಳಿಯಾಗಿ ಕಂಡಿತು. ಎಲೆಯ ಹಸಿರನ್ನು ಅದರ ಕೆಂಪು ಅಳಿಸಿ ಹಾಕಿತ್ತು. ಆ ಹೊತ್ತಿಗೆ ಆರಿಸಿದ್ದರೆ ಮನೆಯವರು ಅದನ್ನೇ ಆರಿಸುತ್ತಿದ್ದರು.

ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕೂ ಹಲಗೆಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ. ಬೆಳಕು ಹೆಚ್ಚಿದಷ್ಟೂ ತೆಳು ಒಳಬಣ್ಣ ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯ ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡಿ ಆರಿಸುವವರು ತಪ್ಪುವುದು ಇದರಿಂದಲೇ.

ಸಂಜೆ ಐದಕ್ಕೆ ಇಳಿಬಿಸಿಲು ಒಳಗೆ ಬಂತು, ಕೆಂಪು ನೆಲಕ್ಕೆ ಬಿತ್ತು, ಅಲ್ಲಿಂದ ಗೋಡೆಗೆ ಏರಿತು. ಒಂದನೆಯ ಹಲಗೆ ಗಾಢ ಹಳದಿ. ಬೆಳಿಗ್ಗೆ ಗೆದ್ದಿದ್ದ ಎರಡನೆಯದು ಚರ್ಮದ ಬಣ್ಣಕ್ಕೆ ತಿರುಗಿತು. ಮನೆಯ ಯಜಮಾನಿ ಅದನ್ನು ನೋಡಿ ತಕ್ಷಣ ಹೇಳಿದರು, “ಬೇಡ, ಇದು ಬ್ಯಾಂಡೇಜ್ ಬಣ್ಣ.” ಮೂರನೆಯದು ಆಗ ಚೆನ್ನಾಗಿತ್ತು. ನಾಲ್ಕನೆಯದು ಬೆಚ್ಚಗಾಯಿತು, ಬಿಳಿಯಾಗಿಯೇ ಉಳಿಯಿತು.

ರಾತ್ರಿ ಎಂಟಕ್ಕೆ ಪರದೆ ಎಳೆದು ದೀಪ ಹಾಕಿ ನೋಡಿದೆವು. ಹೊರಗಿನಿಂದ ಬಂದವರು ಹತ್ತು ನಿಮಿಷ ಕೋಣೆಯಲ್ಲಿ ಸುಮ್ನೆ ಕೂತು ಆಮೇಲೆ ಹಲಗೆ ನೋಡಬೇಕು, ಕಣ್ಣು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಒಂದು ಮತ್ತು ಎರಡು ಇನ್ನೂ ದಟ್ಟವಾದವು. ಮೂರನೆಯದು ಸಾದಾ ಬಿಳಿ. ನಾಲ್ಕನೆಯದು ತಿಳಿ ಬೆಚ್ಚನೆಯ ಬಿಳಿ.

ರಾತ್ರಿ ಮಾತ್ರ ಲೆಕ್ಕಕ್ಕೆ ಹಿಡಿದರೆ ಮೂರು, ನಾಲ್ಕು ಎರಡೂ ನಡೆಯುತ್ತವೆ. ಆದರೆ ಬೆಳಿಗ್ಗೆಯ ಪಾಚಿ ಬೇಡ. ಹೀಗಾಗಿ ನಾಲ್ಕನೆಯದು ಉಳಿಯಿತು. ಯಾವ ಹೊತ್ತಿಗೂ ಅದು ಅತ್ಯಂತ ಸುಂದರ ಅನಿಸಿರಲಿಲ್ಲ. ಯಾವ ಹೊತ್ತಿಗೂ ಕೆಟ್ಟದಾಗಿಯೂ ಕಾಣಲಿಲ್ಲ. ನಾನು ಆರಿಸುವುದು ಹೀಗೆಯೇ: ಜಾಸ್ತಿ ಬಳಸುವ ಹೊತ್ತಿಗೆ ಚೆನ್ನಾಗಿರಬೇಕು, ಉಳಿದ ಹೊತ್ತಿಗೆ ಅಸಹ್ಯ ಆಗಬಾರದು. ಇನ್ನೊಂದು ದಿನ ಮೋಡ ಕವಿದಾಗ ಮತ್ತೆ ನೋಡಿದೆವು. ಕೊಂಚ ಬೂದಾಯಿತು, ಅಷ್ಟೇ.

ನಿಮ್ಮ ಕಿಟಕಿ ಬೇರೆ ದಿಕ್ಕಿಗಿದ್ದರೆ ಫಲವೂ ಬೇರೆ. ಪೂರ್ವಕ್ಕಿದ್ದರೆ ಇದೇ ಕತೆ ತಿರುವುಮುರುವು, ಬೆಳಿಗ್ಗೆ ಬೆಚ್ಚಗೆ, ಮಧ್ಯಾಹ್ನದ ಮೇಲೆ ತಣ್ಣಗೆ. ನೇರ ಬಿಸಿಲೇ ಬರದ ಕಿಟಕಿಯಿಂದ ಬರುವುದು ಆಕಾಶದ ನೀಲಿ ಬೆಳಕು. ಅಲ್ಲಿ ನೀಲಿ ಅಥವಾ ಬೂದು ಒಳಬಣ್ಣದ ಬಿಳಿ ಸಿಮೆಂಟಿನ ಹಾಗೆ ಕಾಣುತ್ತದೆ, ಹಳದಿ ಇರುವುದು ಸಮವಾಗುತ್ತದೆ.

ಫೋಟೊ ತೆಗೆದು ಹೋಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ತೆಗೆದು ಹೋಲಿಸಿದರೆ ಪ್ರಯೋಜನವಿಲ್ಲ. ಫೋನ್ ಪ್ರತಿ ಫೋಟೊದಲ್ಲೂ ಬೆಳಕಿನ ಬಣ್ಣವನ್ನು ತಾನೇ ತಿದ್ದುತ್ತದೆ, ನಾವು ನೋಡಬೇಕಾದದ್ದೇ ಆ ಬಣ್ಣ. ನಾಲ್ಕೂ ಹಲಗೆ ಮತ್ತು ಬಿಳಿ ಬೇಸ್‌ನ ರಟ್ಟು ಒಂದೇ ಫೋಟೊದಲ್ಲಿ ಬಂದರೆ ಒಂದಕ್ಕೊಂದು ಹೋಲಿಸಲು ಸ್ವಲ್ಪ ಉಪಯೋಗವಾಗುತ್ತದೆ. ಅದಕ್ಕಿಂತ ಒಂದು ಚೀಟಿಯಲ್ಲಿ ಹೊತ್ತು, ಹಲಗೆ, ಯಾವ ಬಣ್ಣಕ್ಕೆ ವಾಲಿತು ಅಂತ ಬರೆದಿಡುವುದು ಮೇಲು.

ಈಗ ಚೌಕಟ್ಟು ಮತ್ತು ಸ್ಕರ್ಟಿಂಗ್

ಗೋಡೆ ಸರಿಯಾಗಿ ಆರಿಸಿ, ಚೌಕಟ್ಟಿಗೆ ಸುಮ್ನೆ ಬಿಳಿ ಹಚ್ಚಿ ಕೆಡಿಸಿದ ಕೋಣೆಗಳನ್ನು ತುಂಬ ನೋಡಿದ್ದೇನೆ. ಎರಡು ಬಿಳಿ ಅಕ್ಕಪಕ್ಕ ನಿಂತಾಗ ಕಣ್ಣು ಒಂದನ್ನು ಅಪ್ಪಟ ಬಿಳಿ ಅಂತ ಹಿಡಿಯುತ್ತದೆ, ಇನ್ನೊಂದರಲ್ಲಿ ಅದರಿಂದ ಎಷ್ಟು ದೂರ ಇದೆ ಅಂತ ಹುಡುಕುತ್ತದೆ. ನೀಲಿಗೆ ವಾಲಿದ ಕಡುಬಿಳಿ ಚೌಕಟ್ಟಿನ ಪಕ್ಕ ಹಳದಿಗೆ ವಾಲಿದ ಗೋಡೆ ನಿಂತರೆ ಗೋಡೆ ತೊಳೆಯದ ಬಟ್ಟೆಯ ಹಾಗೆ ಕಾಣುತ್ತದೆ. ಗೋಡೆಯಲ್ಲಿ ತಪ್ಪಿಲ್ಲ, ಜೊತೆಯಲ್ಲಿ ತಪ್ಪಿದೆ.

ಮೇಲಿನ ಕೋಣೆಯಲ್ಲೂ ಮೊದಲು ಏನೂ ಬೆರೆಸದ ಬಿಳಿಯನ್ನೇ ಒಂದು ಮರದ ಪಟ್ಟಿಗೆ ಬಳಿದು ನಾಲ್ಕನೆಯ ಹಲಗೆಗೆ ಒತ್ತಿ ಹಿಡಿದೆವು. ಬೆಳಿಗ್ಗೆ ಗೋಡೆ ಮಸಿ ಹಿಡಿದಂತೆ ಕಂಡಿತು. ಆಮೇಲೆ ಗೋಡೆಯ ಶೇಡನ್ನೇ ಚೌಕಟ್ಟಿಗೂ ಹಚ್ಚಿ ನೋಡಿದೆವು. ಅದು ಕೆಟ್ಟದಾಗಿರಲಿಲ್ಲ, ಆದರೆ ಬಾಗಿಲಿನ ರೂಪ ಗೋಡೆಯಲ್ಲಿ ಕರಗಿಹೋಯಿತು. ಮೂರನೆಯ ಪ್ರಯತ್ನ ಕೈ ಹಿಡಿಯಿತು. ಗೋಡೆಯ ಫಾರ್ಮುಲಾವನ್ನೇ ಅರ್ಧಕ್ಕೆ ಇಳಿಸಿ ಬೆರೆಸಿಸಿದೆವು. ಪ್ರತಿ ಕಲರೆಂಟ್ ಅರ್ಧ, ಬೇಸ್ ಅಷ್ಟೇ. ಅಂಗಡಿಯಲ್ಲಿ ಐವತ್ತು ಪರ್ಸೆಂಟ್ ಅಂದರೆ ಅರ್ಥವಾಗುತ್ತದೆ. ಒಳಬಣ್ಣ ಒಂದೇ ಕುಟುಂಬದ್ದು, ಆದ್ದರಿಂದ ಬೆಳಕು ಬದಲಾದಾಗ ಎರಡೂ ಒಂದೇ ಕಡೆಗೆ ವಾಲಿದವು. ಸಂಜೆ ಗೋಡೆ ಬೆಚ್ಚಗಾದರೆ ಚೌಕಟ್ಟೂ ಬೆಚ್ಚಗಾಯಿತು.

ಎಷ್ಟು ಅಂತರ ಇರಬೇಕು ಅಂತ ಕೇಳಿದರೆ, ಎಲ್‌ಆರ್‌ವಿಯಲ್ಲಿ ಎಂಟು ಹತ್ತು ಅಂಕ ಅನ್ನುತ್ತೇನೆ. ಎರಡು ಮೂರು ಅಂಕದ ಅಂತರ ಇದ್ದರೆ ನೋಡಿದವರಿಗೆ ಒಂದೇ ಬಣ್ಣ ಹಚ್ಚಲು ಹೋಗಿ ತಪ್ಪಿದ ಹಾಗೆ ಕಾಣುತ್ತದೆ. ಅರ್ಧ ಫಾರ್ಮುಲಾದಲ್ಲಿ ಅಷ್ಟು ಅಂತರ ಬಾರದಿದ್ದರೆ ಕಾಲು ಭಾಗಕ್ಕೆ ಇಳಿಸಿ.

ಇಲ್ಲೊಂದು ತೊಡಕು ಇದೆ. ಗೋಡೆಗೆ ಹಚ್ಚುವುದು ಎಮಲ್ಷನ್, ಮರಕ್ಕೆ ಹೆಚ್ಚಾಗಿ ಎನಾಮೆಲ್. ಎರಡರ ಬೇಸ್ ಬೇರೆ. ಒಂದರ ಫಾರ್ಮುಲಾ ಇನ್ನೊಂದಕ್ಕೆ ಹಾಕಿದರೆ ಅದೇ ಬಣ್ಣ ಬರುವ ಖಾತ್ರಿ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಎನಾಮೆಲ್‌ಗೆ ಪ್ರತ್ಯೇಕ ಫಾರ್ಮುಲಾ ತೆಗೆಸಿ, ಅದನ್ನು ಅರ್ಧ ಮಾಡಿಸಿ, ಪಟ್ಟಿಗೆ ಬಳಿದು ಹಲಗೆಯ ಪಕ್ಕ ಇಟ್ಟು ನೋಡಲೇಬೇಕು. ಎಣ್ಣೆ ಆಧಾರದ ಎನಾಮೆಲ್‌ಗೆ ಇನ್ನೊಂದು ಗುಣ ಇದೆ. ಅದು ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಬೆಳಕು ಬೀಳದ ಕಡೆ, ಬೀರುವಿನ ಹಿಂದೆ, ಬಾಗಿಲ ಸಂದಿನಲ್ಲಿ ಇದು ಬೇಗ. ಬಿಳಿ ಬಿಳಿಯಾಗಿಯೇ ಇರಬೇಕು ಅನ್ನುವವರು ನೀರು ಆಧಾರದ ಎನಾಮೆಲ್ ತೆಗೆದುಕೊಳ್ಳಿ.

ಹೊಳಪಿನ ಬಗ್ಗೆಯೂ ಒಂದು ಮಾತು. ಒಂದೇ ಬಣ್ಣವನ್ನು ಮ್ಯಾಟ್‌ನಲ್ಲಿ ಒಂದು ಸಲ, ಹೊಳೆಯುವ ಗ್ಲಾಸಿ ಪೇಂಟ್‌ನಲ್ಲಿ ಒಂದು ಸಲ ಹಚ್ಚಿದರೆ ಎರಡು ಬಣ್ಣವೆಂದೇ ಅನಿಸುತ್ತದೆ. ಹೊಳೆಯುವ ಮೇಲ್ಮೈ ಕಿಟಕಿಯನ್ನೇ ಪ್ರತಿಫಲಿಸುತ್ತದೆ, ಆಕಾಶದ ನೀಲಿ ಅದರ ಮೇಲೆ ಕೂರುತ್ತದೆ. ಗೋಡೆಗೆ ಮ್ಯಾಟ್, ಮರಕ್ಕೆ ಸ್ಯಾಟಿನ್ ನನ್ನ ಆಯ್ಕೆ. ಸ್ಯಾಟಿನ್ ಒರೆಸಲು ಸುಲಭ, ಕನ್ನಡಿಯಂತೆ ಹೊಳೆಯುವುದೂ ಇಲ್ಲ.

ಡಬ್ಬ ತಂದ ಮೇಲೆ

ಬೇಕಾದಷ್ಟು ಪೇಂಟ್ ಒಂದೇ ಸಲ ಬೆರೆಸಿಸಿ. ಆಫ್‌ವೈಟ್‌ನಲ್ಲಿ ಕಲರೆಂಟ್ ತೀರಾ ಕಡಿಮೆ, ಹನಿ ಹೆಚ್ಚುಕಮ್ಮಿ ಆದರೂ ಬಣ್ಣ ಬೇರೆ ಆಗುತ್ತದೆ. ಎಲ್ಲ ಡಬ್ಬವನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲೆಸಿ ಮತ್ತೆ ತುಂಬಿಕೊಳ್ಳುವುದು ಒಳ್ಳೆಯದು. ಅದು ಆಗದಿದ್ದರೆ ಗೋಡೆಯ ನಡುವೆ ಡಬ್ಬ ಬದಲಾಯಿಸಬೇಡಿ ಅಂತ ಪೇಂಟರ್‌ಗೆ ಹೇಳಿ, ಮೂಲೆಗೆ ಬಂದಾಗ ಬದಲಾಯಿಸಲಿ. ಸ್ಟಿಕ್ಕರ್‌ನ ಫೋಟೊ ಇಟ್ಟುಕೊಳ್ಳಿ, ಮುಂದೆ ಒಂದು ಗೀರು ಮುಚ್ಚಲು ಅದೇ ಬೇಕಾಗುತ್ತದೆ.

ಇನ್ನೊಂದು ಕೋರಿಕೆ ಪೇಂಟರ್ ಹತ್ತಿರ ಇಡಿ. ಮೊದಲು ಬಾಗಿಲು ಇರುವ ಒಂದು ಗೋಡೆ ಮತ್ತು ಆ ಬಾಗಿಲಿನ ಚೌಕಟ್ಟು ಮಾತ್ರ ಪೂರ್ತಿ ಮುಗಿಸಲಿ, ಎರಡೂ ಕೋಟ್ ಸೇರಿಸಿ. ಅದು ಪೂರ್ತಿ ಒಣಗಿದ ಮೇಲೆ ರಾತ್ರಿ ದೀಪ ಹಾಕಿ ನೋಡಿ, ಬೆಳಿಗ್ಗೆ ಎದ್ದು ಇನ್ನೊಮ್ಮೆ ನೋಡಿ. ಸರಿ ಅನಿಸಿದರೆ ಉಳಿದ ಮೂರು ಗೋಡೆಗೆ ರೋಲರ್ ಹಾಕಲು ಹೇಳಿ.